ಖಾನಾವಳಿಯ ಲೈಸೆನ್ಸ್ ನವೀಕರಣ: ಕಲಬುರಗಿ ಪಾಲಿಕೆಗೆ ಇಮೇಲ್ ಬರೆಯುವ ಬಗೆ

ಕಲಬುರಗಿಯಲ್ಲಿ ಖಾನಾವಳಿ, ಹೋಟೆಲ್, ಹಿಟ್ಟಿನ ಗಿರಣಿ, ಬೇಕರಿ ನಡೆಸುವವರಿಗೆ ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕೇ ಬೇಕು. ಮಾತಿನಲ್ಲಿ ನಾವೆಲ್ಲ ಟ್ರೇಡ್ ಲೈಸೆನ್ಸ್ ಅಂತೇವೆ. ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮ 1976ರ 353ನೇ ಪ್ರಕರಣ ಇದನ್ನು ಹೇಳುತ್ತದೆ. ಹೊಸದಾಗಿ ತೆಗೆಯುವಾಗ ಎಲ್ಲರೂ ಎಚ್ಚರದಿಂದ ಓಡಾಡುತ್ತಾರೆ. ನವೀಕರಣಕ್ಕೆ ಬಂದಾಗ ಮಾತ್ರ "ಹೋದ ವರ್ಷದ್ದೇ ಕಾಗದ ಅಲ್ವಾ" ಎಂದು ಸುಮ್ಮನಾಗುತ್ತಾರೆ. ಕಡತ ನಿಲ್ಲುವುದು ಅಲ್ಲೇ. ಹೋದ ವರ್ಷದ ಕಾಗದಗಳಲ್ಲಿ ಒಂದೋ ಎರಡೋ ಅವಧಿ ಮುಗಿದಿರುತ್ತವೆ. ಅದನ್ನು ಯಾರೂ ನೋಡಿರುವುದಿಲ್ಲ.

ಈ ಲೇಖನದಲ್ಲಿ ಒಂದೇ ಉದಾಹರಣೆ ಹಿಡಿದು ಹೋಗೋಣ. ಸೂಪರ್ ಮಾರ್ಕೆಟ್ ಕಡೆ ಬಾಡಿಗೆ ಮಳಿಗೆಯಲ್ಲಿ ಒಬ್ಬ ಅಕ್ಕ ಖಾನಾವಳಿ ನಡೆಸುತ್ತಾರೆ ಎಂದುಕೊಳ್ಳಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಧ್ಯಾಹ್ನ ಕೂತು ಉಣ್ಣುವವರು, ಸಂಜೆ ಪಾರ್ಸೆಲ್. ಅವರ 2025-26ರ ಪರವಾನಗಿ 31-03-2026ಕ್ಕೆ ಮುಗಿಯುತ್ತದೆ. 2026-27ಕ್ಕೆ ನವೀಕರಣ ಆಗಬೇಕು. ಪಾಲಿಕೆಗೆ ಅವರು ಬರೆಯಬೇಕಾದ ಇಮೇಲ್ ಹೇಗಿರಬೇಕು, ಅದರ ಹಿಂದೆ ಯಾವ ತಯಾರಿ ಬೇಕು ಎಂಬುದೇ ಇಲ್ಲಿನ ವಿಷಯ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ನಿಮ್ಮ ಪರವಾನಗಿಯನ್ನು ಗೋಡೆಯಿಂದ ಇಳಿಸಿ ಅದರಲ್ಲಿ ಅಚ್ಚಾದ ಅವಧಿ ಓದಿ. ಸಾಮಾನ್ಯವಾಗಿ ಅದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ. ಕೆಲವರು ಒಂದಕ್ಕಿಂತ ಹೆಚ್ಚು ವರ್ಷಕ್ಕೆ ಶುಲ್ಕ ಕಟ್ಟಿ ತೆಗೆದುಕೊಂಡಿರುತ್ತಾರೆ. ಅಂಥವರು ಕೊನೆಯ ವರ್ಷ ಯಾವುದು ಎಂದು ನೋಡಿಕೊಂಡರೆ ಸಾಕು.

ಅವಧಿ ಶುರುವಾಗುವ ದಿನಕ್ಕೆ 90 ದಿನಕ್ಕಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, 30 ದಿನಕ್ಕಿಂತ ಕಡಿಮೆ ಉಳಿದಿರುವಂತೆಯೂ ಹಾಕಬಾರದು. ಕಾನೂನಿನ ಲೆಕ್ಕ ಇದು. 01-04-2026ರಿಂದ ಹಿಂದಕ್ಕೆ ಎಣಿಸಿದರೆ 90 ದಿನ ಜನವರಿ 1ಕ್ಕೆ ಬರುತ್ತದೆ. 30 ದಿನ ಮಾರ್ಚ್ 2ಕ್ಕೆ ಬರುತ್ತದೆ. ಅಂದರೆ ಜನವರಿ ಮತ್ತು ಫೆಬ್ರವರಿ, ಈ ಎರಡು ತಿಂಗಳು ನಿಮ್ಮವು. ತಡವಾದರೆ ಅರ್ಜಿಯೇನೂ ಪೂರ್ತಿ ಬಿದ್ದುಹೋಗುವುದಿಲ್ಲ. ಆದರೆ ಶುಲ್ಕದ ಜೊತೆ ದಂಡ ಸೇರುತ್ತದೆ. ಅಷ್ಟೇ ಅಲ್ಲ, ಏಪ್ರಿಲ್ 1ರಿಂದ ಹೊಸ ಪರವಾನಗಿ ಕೈಗೆ ಬರುವವರೆಗೆ ನೀವು ಪರವಾನಗಿ ಇಲ್ಲದೆ ಅಂಗಡಿ ನಡೆಸಿದ ಹಾಗೆ.

ಫೆಬ್ರವರಿ ಕೊನೆ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುವವರು ಇನ್ನೊಂದು ನೋಡಬೇಕು. 28-02-2026 ನಾಲ್ಕನೇ ಶನಿವಾರ. ಸರ್ಕಾರಿ ಕಚೇರಿಗೆ ರಜೆ. ಮರುದಿನ ಭಾನುವಾರ. ಹಾಗಾಗಿ ಆ ತಿಂಗಳಲ್ಲಿ ಟೇಬಲ್ ಮುಂದೆ ಯಾರಾದರೂ ಕೂತಿರುವ ಕೊನೆಯ ದಿನ ಶುಕ್ರವಾರ 27ನೇ ತಾರೀಖು. ಉಳಿಯುವುದು ಮಾರ್ಚ್ 2ರ ಸೋಮವಾರ ಒಂದೇ. ಅದನ್ನು ನಂಬಿ ಕೂರಬೇಡಿ. ಮಾರ್ಚ್‌ನಲ್ಲಿ ಪಾಲಿಕೆಯಲ್ಲಿ ತೆರಿಗೆ ವಸೂಲಿಯ ಗಡಿಬಿಡಿ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಊರಲ್ಲಿ ಹೋಳಿ, ಅದರ ಬೆನ್ನಿಗೇ ಶರಣಬಸವೇಶ್ವರರ ಜಾತ್ರೆ. ಖಾನಾವಳಿಯವರಿಗೆ ಜಾತ್ರೆ ಅಂದರೆ ಮೈಮುರಿಯುವಷ್ಟು ಕೆಲಸ. ಆ ಹೊತ್ತಿಗೆ ಕಾಗದ ಹುಡುಕುತ್ತಾ ಕೂರಲು ಆಗುವುದಿಲ್ಲ.

ನನ್ನ ಸಲಹೆ ಇಷ್ಟು: ಜನವರಿಯಲ್ಲಿ ಕಾಗದ ಒಟ್ಟು ಮಾಡಿ, ಫೆಬ್ರವರಿ ಎರಡನೇ ವಾರದ ಶುರುವಿನಲ್ಲಿ ಅರ್ಜಿ ಮತ್ತು ಇಮೇಲ್ ಕಳಿಸಿ. ನಮ್ಮ ಉದಾಹರಣೆಯಲ್ಲಿ ಇಮೇಲ್ ಹೋಗುವ ದಿನ ಸೋಮವಾರ, 09-02-2026. ತಪ್ಪು ತಿದ್ದಿಕೊಡಲು ಆಗ ಹೆಚ್ಚುಕಡಿಮೆ ಮೂರು ವಾರ ಕೈಯಲ್ಲಿ ಇರುತ್ತದೆ.

ಇಮೇಲ್ ಮಾಡಿದ ಮಾತ್ರಕ್ಕೆ ಅರ್ಜಿ ಹಾಕಿದ ಹಾಗಲ್ಲ

ಇದನ್ನು ಗಟ್ಟಿಯಾಗಿ ತಲೆಯಲ್ಲಿ ಇಟ್ಟುಕೊಳ್ಳಿ. ನವೀಕರಣದ ಅರ್ಜಿ ಹಾಕುವುದು ಆನ್‌ಲೈನ್ ವ್ಯವಸ್ಥೆಯಲ್ಲಿ ಅಥವಾ ಪಾಲಿಕೆಯ ಕೌಂಟರಿನಲ್ಲಿ. ಅಲ್ಲಿ ಅರ್ಜಿ ಸಂಖ್ಯೆ ಸಿಗುತ್ತದೆ, ಶುಲ್ಕದ ಚಲನ್ ಹುಟ್ಟುತ್ತದೆ. ಇಮೇಲ್ ಅದರ ಜೊತೆಗೆ ಹೋಗುವ ಪತ್ರ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಎಲೆಕ್ಟ್ರಾನಿಕ್ ದಾಖಲೆಗೆ ಕಾನೂನಿನ ಮಾನ್ಯತೆ ಕೊಡುತ್ತದೆ, ನಿಜ. ಆದರೆ ಅದೇ ಕಾಯ್ದೆಯ 9ನೇ ಪ್ರಕರಣ ಇನ್ನೊಂದು ಮಾತನ್ನೂ ಹೇಳುತ್ತದೆ. ನನ್ನ ಕಾಗದವನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ತೆಗೆದುಕೊಳ್ಳಿ ಎಂದು ಸರ್ಕಾರಿ ಕಚೇರಿಗೆ ಪಟ್ಟು ಹಿಡಿಯುವ ಹಕ್ಕು ನಮಗಿಲ್ಲ. ಆದ್ದರಿಂದ "ಇಮೇಲ್ ಮಾಡಿದ್ದೆ, ನೀವು ನೋಡಲಿಲ್ಲ" ಎಂದು ವಾದ ಮಾಡಿ ಉಪಯೋಗವಿಲ್ಲ.

ಹಾಗಾದರೆ ಇಮೇಲ್ ಯಾಕೆ? ಎರಡು ಕಾರಣಕ್ಕೆ. ಒಂದು, ಯಾವ ದಿನ ಯಾವ ಯಾವ ದಾಖಲೆ ಕೊಟ್ಟಿರಿ ಎಂಬುದಕ್ಕೆ ತಾರೀಖು ಸಮೇತ ನಿಮ್ಮ ಹತ್ತಿರ ಲಿಖಿತ ಗುರುತು ಉಳಿಯುತ್ತದೆ. ದಂಡದ ಮಾತು ಬಂದಾಗ ಇದು ಕೆಲಸಕ್ಕೆ ಬರುತ್ತದೆ. ಎರಡು, ಆನ್‌ಲೈನ್ ಅರ್ಜಿಯಲ್ಲಿ ವಿವರಣೆ ಬರೆಯಲು ಜಾಗವೇ ಇರುವುದಿಲ್ಲ. ಮಳಿಗೆಯ ತೆರಿಗೆ ರಸೀದಿ ಒಬ್ಬರ ಹೆಸರಲ್ಲಿ, ಬಾಡಿಗೆ ಕರಾರು ಇನ್ನೊಬ್ಬರ ಹೆಸರಲ್ಲಿ ಇದ್ದರೆ ಯಾಕೆ ಎಂದು ಹೇಳುವುದು ಎಲ್ಲಿ? ಇಮೇಲ್‌ನಲ್ಲಿ ಹೇಳಬಹುದು.

ಕಾಗದದಲ್ಲಿ ಅವಧಿ ನೋಡುವುದು

ಅಕ್ಕನ ಫೈಲ್ ಬಿಚ್ಚೋಣ. ಹಳೆಯ ಪರವಾನಗಿ ಇದೆ. ಹೋದ ಸಲ ಶುಲ್ಕ ಕಟ್ಟಿದ ರಸೀದಿ ಇದೆ. ಮಳಿಗೆಯ 2025-26ರ ಆಸ್ತಿ ತೆರಿಗೆ ರಸೀದಿ ಮಾಲೀಕರಿಂದ ಇಸಿದುಕೊಂಡಿದ್ದಾರೆ. ಆಹಾರ ಸುರಕ್ಷತಾ ಪರವಾನಗಿ, ಅಂದರೆ ನಾವು ಎಫ್‌ಎಸ್‌ಎಸ್‌ಎಐ ಅನ್ನುವುದು, 14 ಅಂಕಿಯ ನಂಬರಿನದು, ಚೌಕಟ್ಟು ಹಾಕಿ ಗಲ್ಲಾದ ಹಿಂದೆ ತೂಗುಹಾಕಿದ್ದಾರೆ. ಅಡುಗೆಯವರ ಮತ್ತು ಬಡಿಸುವವರ ವೈದ್ಯಕೀಯ ಪ್ರಮಾಣಪತ್ರ ಇದೆ. ಬಾಡಿಗೆ ಕರಾರು ಪತ್ರವೂ ಇದೆ. ಎಲ್ಲ ಇದ್ದ ಹಾಗೆ ಕಾಣುತ್ತದೆ.

ಈಗ ಒಂದೊಂದರ ಅವಧಿ ನೋಡಿ. ಬಾಡಿಗೆ ಕರಾರು 01-05-2025ರಿಂದ 11 ತಿಂಗಳಿಗೆ ಆಗಿದೆ. 11 ತಿಂಗಳು ಮುಗಿಯುವುದು 31-03-2026ಕ್ಕೆ. ಅಂದರೆ ನಾವು ಕೇಳುತ್ತಿರುವ ವರ್ಷದ ಮೊದಲ ದಿನ ಈ ಕರಾರಿಗೆ ಜೀವವಿಲ್ಲ. ಇದನ್ನೇ ಸ್ಕ್ಯಾನ್ ಮಾಡಿ ಕಳಿಸಿದರೆ ಆರೋಗ್ಯ ಶಾಖೆಯಿಂದ ಫೋನ್ ಬರುತ್ತದೆ: "ಅಕ್ಕಾರ, ನಿಮ್ಮ ಕರಾರು ಮುಗಿದದ ನೋಡ್ರಿ. ಹೊಸದು ತಗೊಂಡು ಬರ್ರಿ."

ಸರಿ, ಹೊಸ ಕರಾರು ಮಾಡಿಸಿದರಾಯಿತು ಅನ್ನಬಹುದು. ಆದರೆ ಅಲ್ಲೂ ಒಂದು ತೊಡಕಿದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುವುದು. 01-04-2026ರಿಂದ 11 ತಿಂಗಳು ಅಂದರೆ 28-02-2027ಕ್ಕೆ ಮುಗಿಯಿತು. ಪರವಾನಗಿಯ ವರ್ಷ 31-03-2027ರವರೆಗೆ. ಹೇಗೆ ಮಾಡಿದರೂ ಒಂದು ತಿಂಗಳು ಹೊರಗೆ ಉಳಿಯುತ್ತದೆ. 12 ತಿಂಗಳ ಪರವಾನಗಿಗೆ 11 ತಿಂಗಳ ಕರಾರು ಯಾವತ್ತೂ ಪೂರ್ತಿ ಸಾಲುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ಹೊಸ ಕರಾರಿನ ಜೊತೆಗೆ ಮಳಿಗೆ ಮಾಲೀಕರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. "ನನ್ನ ಮಳಿಗೆಯಲ್ಲಿ ಇವರು 2026-27ನೇ ಸಾಲಿನ ಪೂರ್ತಿ, ಅಂದರೆ 31-03-2027ರವರೆಗೆ, ಖಾನಾವಳಿ ನಡೆಸಲು ಮತ್ತು ಪಾಲಿಕೆಯಿಂದ ಪರವಾನಗಿ ಪಡೆಯಲು ನನ್ನ ಆಕ್ಷೇಪಣೆ ಇಲ್ಲ" ಎಂಬ ಎರಡು ಸಾಲು ಸಾಕು. ಕೆಳಗೆ ಸಹಿ, ತಾರೀಖು, ಆಸ್ತಿ ಸಂಖ್ಯೆ. ಕಚೇರಿಯಲ್ಲಿ ಇದನ್ನೇ ನಿರಾಕ್ಷೇಪಣಾ ಪತ್ರ ಅನ್ನುತ್ತಾರೆ. ಹೊಸ ಕರಾರನ್ನು ಫೆಬ್ರವರಿಯಲ್ಲೇ ಸಹಿ ಮಾಡಿಸಿಡಬಹುದು. ಅದು ಜಾರಿಗೆ ಬರುವ ದಿನ ಏಪ್ರಿಲ್ 1 ಎಂದು ಬರೆಸಿದರೆ ಆಯಿತು.

ಇನ್ನೊಂದು ತೊಡಕು ಹೆಸರಿನದು. ಹಳೆ ಊರಿನ ಮಳಿಗೆಗಳಲ್ಲಿ ಇದು ಜಾಸ್ತಿ. ಅಕ್ಕನಿಗೆ ಮಳಿಗೆ ಬಾಡಿಗೆಗೆ ಕೊಟ್ಟವರು ಮಗ. ಕರಾರಿನಲ್ಲಿ ಅವರದೇ ಸಹಿ. ಆದರೆ ತೆರಿಗೆ ರಸೀದಿಯಲ್ಲಿ ಇನ್ನೂ ತೀರಿಹೋದ ತಂದೆಯ ಹೆಸರಿದೆ, ಖಾತಾ ಬದಲಾವಣೆ ಆಗಿಲ್ಲ. ಕಡತ ನೋಡುವವರಿಗೆ ಎರಡು ಬೇರೆ ಹೆಸರು ಕಂಡರೆ ಕಡತ ಪಕ್ಕಕ್ಕೆ ಹೋಗುತ್ತದೆ. ಅದಕ್ಕೆ ತಂದೆಯ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಪ್ರತಿಯನ್ನು ಮಾಲೀಕರಿಂದ ಕೇಳಿ ತೆಗೆದುಕೊಳ್ಳಿ, ಇಮೇಲ್‌ನಲ್ಲಿ ಒಂದು ಸಾಲು ವಿವರಿಸಿ. ಕಚೇರಿ ಕೇಳುವ ಮೊದಲೇ ನೀವೇ ಹೇಳಿಬಿಟ್ಟರೆ ಒಂದು ಸುತ್ತು ಓಡಾಟ ಉಳಿಯುತ್ತದೆ. ಬಾಡಿಗೆದಾರರು ಮಾಲೀಕರ ಹತ್ತಿರ ಇಂಥ ಕಾಗದ ಕೇಳಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ, ಇದು ಅವರ ಆಸ್ತಿಯ ದಾಖಲೆ ಸರಿಯಾಗಲೂ ಒಂದು ನೆಪವಾಗುತ್ತದೆ.

ಹಳೆಯ ಕಾಗದಗಳಲ್ಲಿ ಊರಿನ ಹೆಸರು ಗುಲ್ಬರ್ಗ ಎಂದೇ ಇರುತ್ತದೆ. ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದರಿಂದ ತೊಂದರೆಯಿಲ್ಲ. ಆದರೆ ಮಳಿಗೆ ಸಂಖ್ಯೆ, ಆಸ್ತಿ ಸಂಖ್ಯೆ, ವಾರ್ಡ್ ಸಂಖ್ಯೆ ಮಾತ್ರ ಎಲ್ಲ ಕಾಗದಗಳಲ್ಲಿ ಒಂದೇ ಇವೆಯಾ ಎಂದು ತಾಳೆ ನೋಡಿ. ಬೇರೆ ಇದ್ದರೆ ಈಗಿನ ತೆರಿಗೆ ರಸೀದಿಯಲ್ಲಿ ಇರುವುದನ್ನೇ ಇಮೇಲ್‌ನಲ್ಲಿ ಬರೆಯಿರಿ.

ನಾಮಫಲಕದ ಫೋಟೋ ಕೂಡ ಒಂದು ಇಟ್ಟುಕೊಳ್ಳಿ. 2024ರ ತಿದ್ದುಪಡಿಯ ನಂತರ ಅಂಗಡಿ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಫೋಟೋದಲ್ಲಿ ಫಲಕ ಪೂರ್ತಿ ಕಾಣಬೇಕು, ಬಾಗಿಲೂ ಸ್ವಲ್ಪ ಕಾಣಬೇಕು.

ಸ್ಕ್ಯಾನ್ ಮತ್ತು ಫೈಲ್ ಹೆಸರು

ಮೊಬೈಲಿನಲ್ಲೇ ಸ್ಕ್ಯಾನ್ ಮಾಡಬಹುದು. ಫೋಟೋ ತೆಗೆದು ಹಾಗೇ ಕಳಿಸಬೇಡಿ, ಸ್ಕ್ಯಾನ್ ಆಪ್‌ನಲ್ಲಿ ಪಿಡಿಎಫ್ ಮಾಡಿ. ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿ ಕಾಗದ ಇಟ್ಟರೆ ಕೈಯ ನೆರಳು ಬೀಳುವುದಿಲ್ಲ. ಕರಾರು ಪತ್ರದ ಎಲ್ಲ ಪುಟ ಬೇಕು, ಸ್ಟಾಂಪ್ ಪೇಪರಿನ ಹಿಂಬದಿಯಲ್ಲಿ ಬರಹವಿದ್ದರೆ ಅದೂ ಬೇಕು. ಮಾಡಿದ ಮೇಲೆ ಪಿಡಿಎಫ್ ತೆರೆದು ಗುಂಡು ಮೊಹರಿನೊಳಗಿನ ಅಕ್ಷರ ಓದಲು ಬರುತ್ತದಾ ನೋಡಿ. ಅದು ಓದಲು ಬಂದರೆ ಉಳಿದದ್ದೆಲ್ಲ ಓದಲು ಬರುತ್ತದೆ.

ಎಲ್ಲ ಸೇರಿ 5 ಎಂಬಿ ಒಳಗೆ ಇಟ್ಟುಕೊಳ್ಳಿ. ಜಿಮೇಲ್ 25 ಎಂಬಿವರೆಗೆ ಬಿಡುತ್ತದೆ. ಅದನ್ನು ಮೀರಿದರೆ ಫೈಲನ್ನು ಡ್ರೈವ್ ಲಿಂಕ್ ಮಾಡಿ ಕಳಿಸುತ್ತದೆ. ಕಚೇರಿಯಲ್ಲಿ ಆ ಲಿಂಕ್ ಒತ್ತಿದರೆ ಅನುಮತಿ ಕೇಳುತ್ತದೆ, ಅಲ್ಲಿಗೆ ಅವರು ಮುಚ್ಚಿಬಿಡುತ್ತಾರೆ. ನಿಮಗೆ ಮಾತ್ರ ದಾಖಲೆ ಹೋಗಿದೆ ಎಂಬ ಭಾವನೆ.

ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಪತ್ರದ ಪಟ್ಟಿಯ ಅದೇ ಕ್ರಮಸಂಖ್ಯೆಯಲ್ಲಿ ಇರಲಿ:

```
01_Licence_2025-26.pdf
02_FeeReceipt_2025-26.pdf
03_PropertyTax_2025-26.pdf
04_RentAgreement_2026-27.pdf
05_OwnerNOC_2026-27.pdf
```

ಹೀಗೆ ಮುಂದುವರಿಸಿ. IMG_2041 ಎಂಬ ಹೆಸರಿನ ಎಂಟು ಫೈಲ್ ಬಂದರೆ ಯಾವುದು ಕರಾರು, ಯಾವುದು ರಸೀದಿ ಎಂದು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆಧಾರ್ ಕೊಡಬೇಕಾದರೆ ಮರೆಮಾಡಿದ ಆಧಾರ್ ಕೊಡಿ. ಯುಐಡಿಎಐ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ.

ಟೈಪ್ ಮಾಡುವ ಅಕ್ಷರದ ಬಗ್ಗೆಯೂ ಒಂದು ಮಾತು. ಟೈಪಿಂಗ್ ಅಂಗಡಿಯಲ್ಲಿ ಪತ್ರ ಮಾಡಿಸಿದರೆ ಅವರು ಎಷ್ಟೋ ಸಲ ಹಳೆಯ ನುಡಿ ಫಾಂಟಿನಲ್ಲಿ ಹೊಡೆಯುತ್ತಾರೆ. ಅದನ್ನು ಕಾಪಿ ಮಾಡಿ ಇಮೇಲ್‌ಗೆ ಹಾಕಿದರೆ "ಕಲಬುರಗಿ" ಎಂಬುದು ಆ ಕಡೆ `PÀ®§ÄgÀV` ಎಂದು ಕಾಣುತ್ತದೆ. ಯುನಿಕೋಡ್‌ನಲ್ಲಿ ಮಾಡಿಕೊಡಿ ಎಂದು ಮೊದಲೇ ಹೇಳಿ. ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಹೊಡೆದರೆ ಈ ತೊಂದರೆಯೇ ಇಲ್ಲ.

ಯಾರಿಗೆ ಕಳಿಸುವುದು

ಪತ್ರ ಆಯುಕ್ತರ ಹೆಸರಿಗೆ. ಕಾನೂನಿನ ಪ್ರಕಾರ ಪರವಾನಗಿ ಕೊಡುವ ಅಧಿಕಾರ ಅವರದು. ಕೆಲಸ ನಡೆಯುವುದು ಆರೋಗ್ಯ ಶಾಖೆಯಲ್ಲಿ, ಸ್ಥಳ ನೋಡಲು ಬರುವವರು ಆರೋಗ್ಯ ನಿರೀಕ್ಷಕರು. ಹಾಗಾಗಿ ಪತ್ರದಲ್ಲಿ ಆಯುಕ್ತರ ಕೆಳಗೆ ಆರೋಗ್ಯ ಶಾಖೆಯ ಗಮನಕ್ಕೆ ಎಂದು ಬರೆಯಿರಿ. ವಿಳಾಸವನ್ನು ಪಾಲಿಕೆಯ ಅಧಿಕೃತ ಜಾಲತಾಣದಿಂದ ತೆಗೆದುಕೊಳ್ಳಿ. ಸರ್ಕಾರಿ ವಿಳಾಸ ಸಾಮಾನ್ಯವಾಗಿ gov.in ಅಥವಾ nic.in ಎಂದು ಕೊನೆಯಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುವ ವಿಳಾಸಕ್ಕೆ ಕರಾರು, ಆಧಾರ್ ಎಲ್ಲ ಕಳಿಸಬೇಡಿ. ವಲಯ ಕಚೇರಿಯ ವಿಳಾಸ ಬೇರೆ ಇದ್ದರೆ ಅದನ್ನು ಪ್ರತಿಯ ಸಾಲಿನಲ್ಲಿ ಹಾಕಿ, ನಿಮ್ಮ ಸ್ವಂತ ವಿಳಾಸವನ್ನೂ ಅಲ್ಲೇ ಸೇರಿಸಿ. ನಿಮಗೇ ಬಂದ ಪ್ರತಿಯಲ್ಲಿ ಫೈಲುಗಳು ತೆರೆಯುತ್ತವೆಯಾ ಎಂದು ನೋಡಿದರೆ ಅರ್ಧ ಚಿಂತೆ ಹೋಯಿತು.

ಪತ್ರ

ವಿಷಯದ ಸಾಲಿನಲ್ಲಿ ನಾಲ್ಕು ಇರಲಿ: ಏನು ಬೇಕು, ಯಾವ ವರ್ಷಕ್ಕೆ, ಪರವಾನಗಿ ಸಂಖ್ಯೆ, ವಾರ್ಡ್. "ಮನವಿ" ಎಂದೋ "ಲೈಸೆನ್ಸ್ ಬಗ್ಗೆ" ಎಂದೋ ಬರೆದರೆ ಆ ಪೆಟ್ಟಿಗೆಯ ನೂರು ಪತ್ರಗಳಲ್ಲಿ ಅದು ಕಳೆದುಹೋಗುತ್ತದೆ.

ಅಡಕಗಳ ಪಟ್ಟಿಯೇ ಈ ಪತ್ರದ ಜೀವ. ಪ್ರತಿ ದಾಖಲೆಯ ಮುಂದೆ ಅದರ ಸಂಖ್ಯೆ, ತಾರೀಖು ಮತ್ತು ಯಾವಾಗಿನವರೆಗೆ ಚಾಲ್ತಿ ಎಂಬುದು ಇರಬೇಕು. ಕಡತ ಕಟ್ಟುವವರು ಫೈಲ್ ತೆರೆಯದೆಯೇ ಟಿಪ್ಪಣಿ ಬರೆಯುವಷ್ಟು ಪೂರ್ತಿ ಇರಲಿ. ಅಕ್ಕನ ಪತ್ರ ಹೀಗಿದೆ:

> ವಿಷಯ: ಉದ್ದಿಮೆ ಪರವಾನಗಿ ನವೀಕರಣ 2026-27 – ಖಾನಾವಳಿ – ಪರವಾನಗಿ ಸಂಖ್ಯೆ ........ – ವಾರ್ಡ್ ........
>
> ಗೆ,
> ಮಾನ್ಯ ಆಯುಕ್ತರು,
> ಮಹಾನಗರ ಪಾಲಿಕೆ, ಕಲಬುರಗಿ
> (ಆರೋಗ್ಯ ಶಾಖೆಯ ಗಮನಕ್ಕೆ)
>
> ಮಾನ್ಯರೇ,
>
> ಉಲ್ಲೇಖ: ಆನ್‌ಲೈನ್ ಅರ್ಜಿ ಸಂಖ್ಯೆ ........, ದಿನಾಂಕ 09-02-2026
>
> ಸೂಪರ್ ಮಾರ್ಕೆಟ್ ಪ್ರದೇಶದ ಮಳಿಗೆ ಸಂಖ್ಯೆ ........, ಆಸ್ತಿ ಸಂಖ್ಯೆ ........ ರಲ್ಲಿ ನಾನು ಖಾನಾವಳಿ ನಡೆಸುತ್ತಿದ್ದೇನೆ. ನನ್ನ ಪರವಾನಗಿಯ ಅವಧಿ 31-03-2026ಕ್ಕೆ ಮುಗಿಯುತ್ತದೆ. 01-04-2026ರಿಂದ 31-03-2027ರವರೆಗೆ ನವೀಕರಿಸಲು ಉಲ್ಲೇಖಿತ ಅರ್ಜಿ ಸಲ್ಲಿಸಿದ್ದೇನೆ. ಉದ್ದಿಮೆಯ ಸ್ವರೂಪ, ಸ್ಥಳ ಮತ್ತು ವಿಸ್ತೀರ್ಣದಲ್ಲಿ ಯಾವುದೇ ಬದಲಾವಣೆ ಇಲ್ಲ.
>
> ಎರಡು ವಿಷಯ ತಮ್ಮ ಗಮನಕ್ಕೆ ತರುತ್ತೇನೆ. ಬಾಡಿಗೆ ಕರಾರು 28-02-2027ರವರೆಗೆ ಇದೆ. ಉಳಿದ ಅವಧಿಗೆ ಮಾಲೀಕರ ನಿರಾಕ್ಷೇಪಣಾ ಪತ್ರ ಲಗತ್ತಿಸಿದೆ (ಅಡಕ 5). ಆಸ್ತಿ ತೆರಿಗೆ ರಸೀದಿ ಮಾಲೀಕರ ದಿವಂಗತ ತಂದೆಯವರ ಹೆಸರಿನಲ್ಲಿದೆ. ಅದಕ್ಕೆ ಸಂಬಂಧಿಸಿದ ದಾಖಲೆ ಲಗತ್ತಿಸಿದೆ (ಅಡಕ 6).
>
> ಅಡಕಗಳು:
> 1. ಪರವಾನಗಿ 2025-26, ಸಂಖ್ಯೆ ........, 31-03-2026ರವರೆಗೆ ಚಾಲ್ತಿ – 1 ಪುಟ
> 2. ಪರವಾನಗಿ ಶುಲ್ಕದ ರಸೀದಿ 2025-26, ಸಂಖ್ಯೆ ........, ದಿನಾಂಕ ........ – 1 ಪುಟ
> 3. ಆಸ್ತಿ ತೆರಿಗೆ ರಸೀದಿ 2025-26, ಸಂಖ್ಯೆ ........ – 1 ಪುಟ
> 4. ಬಾಡಿಗೆ ಕರಾರು, 01-04-2026ರಿಂದ 28-02-2027ರವರೆಗೆ – 3 ಪುಟ
> 5. ಮಾಲೀಕರ ನಿರಾಕ್ಷೇಪಣಾ ಪತ್ರ, 31-03-2027ರವರೆಗೆ – 1 ಪುಟ
> 6. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ – 2 ಪುಟ
> 7. ಆಹಾರ ಸುರಕ್ಷತಾ ಪರವಾನಗಿ, ಸಂಖ್ಯೆ ........, ಅವಧಿ ........ – 1 ಪುಟ
> 8. ಸಿಬ್ಬಂದಿಯ ವೈದ್ಯಕೀಯ ಪ್ರಮಾಣಪತ್ರ, 4 ಜನ, ದಿನಾಂಕ ........ – 4 ಪುಟ
> 9. ನಾಮಫಲಕ ಸಹಿತ ಮಳಿಗೆಯ ಫೋಟೋ – 1 ಪುಟ
>
> ಯಾವುದೇ ದಾಖಲೆ ಕೊರತೆ ಇದ್ದಲ್ಲಿ 20-02-2026ರೊಳಗೆ ತಿಳಿಸಿದರೆ, 27-02-2026ರೊಳಗೆ ಸಲ್ಲಿಸುತ್ತೇನೆ. ಶುಲ್ಕದ ಚಲನ್ ಬಂದ ಕೂಡಲೇ ಪಾವತಿಸಿ ರಸೀದಿ ಕಳಿಸುತ್ತೇನೆ. ಸ್ಥಳ ಪರಿಶೀಲನೆಗೆ ಬೆಳಿಗ್ಗೆ 10ರಿಂದ 12ರವರೆಗೆ ನಾನು ಮಳಿಗೆಯಲ್ಲೇ ಇರುತ್ತೇನೆ. ಈ ಪತ್ರ ತಲುಪಿದ್ದಕ್ಕೆ ಸ್ವೀಕೃತಿ ನೀಡಬೇಕೆಂದು ಕೋರುತ್ತೇನೆ.
>
> ತಮ್ಮ ವಿಶ್ವಾಸಿ,
> (ಹೆಸರು, ಮೊಬೈಲ್ ಸಂಖ್ಯೆ, ಮಳಿಗೆಯ ವಿಳಾಸ)

ಇಲ್ಲಿ ತಾರೀಖುಗಳನ್ನು ಹೇಗೆ ಹಾಕಿದ್ದಾರೆ ನೋಡಿ. "ಬೇಗ ಮಾಡಿಕೊಡಿ", "ತುರ್ತಾಗಿ" ಎಂಬ ಮಾತಿಲ್ಲ. ಕಚೇರಿಗೆ ಗಡುವು ವಿಧಿಸಿದ ಧಾಟಿಯೂ ಇಲ್ಲ. ಕೊರತೆ ಇದ್ದರೆ ಈ ದಿನದೊಳಗೆ ತಿಳಿಸಿದರೆ ನಾನು ಆ ದಿನದೊಳಗೆ ಕೊಡುತ್ತೇನೆ ಎಂದು ತಮ್ಮ ಕಡೆಯ ಮಾತು ಕೊಟ್ಟಿದ್ದಾರೆ. ಓದುವವರಿಗೆ ಬೇಸರವಾಗುವುದಿಲ್ಲ, ಆದರೆ ತಾರೀಖು ದಾಖಲಾಯಿತು.

"ಯಾವುದೇ ಬದಲಾವಣೆ ಇಲ್ಲ" ಎಂಬ ಸಾಲು ನಿಜವಿದ್ದರೆ ಮಾತ್ರ ಬರೆಯಿರಿ. ಹೋದ ವರ್ಷ ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡಿದ್ದರೆ, ಖಾನಾವಳಿಯ ಜೊತೆ ಸಿಹಿತಿಂಡಿ ಮಾರಾಟ ಶುರು ಮಾಡಿದ್ದರೆ, ಹೊಸ ಪಾಲುದಾರರು ಬಂದಿದ್ದರೆ ಅದು ಬರೀ ನವೀಕರಣ ಆಗುವುದಿಲ್ಲ. ಬದಲಾವಣೆಯನ್ನು ಅರ್ಜಿಯಲ್ಲೇ ತೋರಿಸಬೇಕು. ನಿರೀಕ್ಷಕರು ಬಂದಾಗ ಪತ್ರದಲ್ಲಿ ಒಂದು, ಮಳಿಗೆಯಲ್ಲಿ ಇನ್ನೊಂದು ಕಂಡರೆ ಉಳಿದ ಒಂಬತ್ತು ಕಾಗದ ಸರಿಯಿದ್ದೂ ಪ್ರಯೋಜನವಿಲ್ಲ.

ಕಳಿಸಿದ ಮೇಲೆ

ಮೊದಲ ಅರ್ಧ ಗಂಟೆಯಲ್ಲಿ ಒಮ್ಮೆ ಇನ್‌ಬಾಕ್ಸ್ ನೋಡಿ. ವಿಳಾಸ ತಪ್ಪಿದ್ದರೆ ಅಥವಾ ಆ ಕಡೆಯ ಪೆಟ್ಟಿಗೆ ತುಂಬಿದ್ದರೆ ಪತ್ರ ತಲುಪಲಿಲ್ಲ ಎಂಬ ಸಂದೇಶ ವಾಪಸ್ ಬರುತ್ತದೆ. ಅದು ಇಂಗ್ಲಿಷಿನಲ್ಲಿ ಬರುವುದರಿಂದ ಜಾಹೀರಾತು ಎಂದು ಅಳಿಸಿಬಿಡುವವರಿದ್ದಾರೆ. `Delivery Status Notification` ಎಂದಿದ್ದರೆ ಓದಿ, ಸರಿಯಾದ ವಿಳಾಸಕ್ಕೆ ಅದೇ ದಿನ ಮತ್ತೆ ಕಳಿಸಿ.

ಸ್ವೀಕೃತಿ ಇಮೇಲ್‌ನಲ್ಲೇ ಬರಬಹುದು, ಬಾರದೆಯೂ ಇರಬಹುದು. ಎರಡು ಮೂರು ದಿನ ಕಾಯಿರಿ. ಆಮೇಲೆ ಅದೇ ಪತ್ರದ ಮುದ್ರಿತ ಪ್ರತಿ ಎರಡು ತೆಗೆದುಕೊಂಡು ಪಾಲಿಕೆ ಕಚೇರಿಯ ಆವಕ ಶಾಖೆಗೆ ಹೋಗಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. "ಇಮೇಲ್ ಕಳಿಸೀನ್ರಿ, ಅದರ ಪ್ರತಿ ಇದು" ಎಂದರೆ ಆಯಿತು. ಆ ಮೊಹರು ಹಾಕಿದ ಹಾಳೆಯನ್ನು ಹಳೆ ಪರವಾನಗಿಯ ಜೊತೆ ಅಂಗಡಿಯಲ್ಲೇ ಇಡಿ. ಯಾರಾದರೂ ತಪಾಸಣೆಗೆ ಬಂದರೆ ತೋರಿಸಲು ಅದು ಬೇಕು.

ಅರ್ಜಿಗೆ ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಅಕ್ಷರ ಮತ್ತು ಅಂಕಿ ಸೇರಿ 15 ಇರುತ್ತವೆ. ಎಷ್ಟು ದಿನದಲ್ಲಿ ಕೆಲಸ ಆಗಬೇಕು ಎಂಬ ತಾರೀಖು ಆ ಸ್ವೀಕೃತಿಯಲ್ಲೇ ಇರುತ್ತದೆ. ಆ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅದು ದಾಟಿದರೆ ಸಕಾಲ ಕಾಯ್ದೆಯಡಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಇದೆ. ಆ ದುಡ್ಡು ದೊಡ್ಡದಲ್ಲ. ಆದರೆ ಮೇಲ್ಮನವಿ ಬಿದ್ದ ಕಡತ ಮೇಲಿನವರ ಕಣ್ಣಿಗೆ ಬೀಳುತ್ತದೆ.

ಕೊರತೆ ಇದೆ ಎಂದು ಕಚೇರಿಯಿಂದ ಹಿಂಬರಹ ಬಂದರೆ ಹೊಸ ಇಮೇಲ್ ಬರೆಯಬೇಡಿ. ಮೊದಲು ಕಳಿಸಿದ್ದಕ್ಕೇ ರಿಪ್ಲೈ ಒತ್ತಿ, ಅದರ ಮೇಲೆ ನಾಲ್ಕು ಸಾಲು ಬರೆಯಿರಿ: ಹಿಂಬರಹದ ಸಂಖ್ಯೆ ಮತ್ತು ತಾರೀಖು, ಕೇಳಿದ ದಾಖಲೆ, ಈಗ ಲಗತ್ತಿಸಿದ ದಾಖಲೆ, ಅದರ ಅವಧಿ. ಎಲ್ಲ ಒಂದೇ ಸರಣಿಯಲ್ಲಿ ಉಳಿದರೆ ಮೊದಲು ಕಳಿಸಿದ 9ನೇ ಫೆಬ್ರವರಿ ಎಂಬ ತಾರೀಖು ಕೆಳಗೆ ಹಾಗೇ ಕಾಣುತ್ತಿರುತ್ತದೆ. ಫೋನಿನಲ್ಲಿ ಹೇಳಿದ್ದಾದರೂ ಸರಿ, "ಇಂದು ದೂರವಾಣಿಯಲ್ಲಿ ತಿಳಿಸಿದಂತೆ" ಎಂದು ಶುರುಮಾಡಿ ಬರೆದು ಕಳಿಸಿ.

ಶುಲ್ಕ ಕಟ್ಟಿದ ದಿನವೂ ಅದೇ ಸರಣಿಯಲ್ಲಿ ರಸೀದಿ ಕಳಿಸಿ. ಚಲನ್‌ನಲ್ಲಿ ದಂಡ ಎಂದು ಮೊತ್ತ ಸೇರಿದ್ದರೆ ಕಟ್ಟುವ ಮೊದಲು ಕೇಳಿ: ಅರ್ಜಿ ಸಲ್ಲಿಸಿದ್ದು ಅವಧಿಯೊಳಗೇ ಇದೆ, ದಂಡ ಯಾವ ಲೆಕ್ಕದಲ್ಲಿ ಎಂದು. ಆವಕ ಮೊಹರಿನ ಹಾಳೆ ಮತ್ತು ಇಮೇಲ್‌ನ ತಾರೀಖು ಎರಡನ್ನೂ ತೋರಿಸಿ. ಇನ್ನೊಂದು ಗೊತ್ತಿರಲಿ, ಶುಲ್ಕದ ರಸೀದಿ ಕೈಗೆ ಬಂದರೆ ಪರವಾನಗಿ ಬಂದ ಹಾಗಲ್ಲ. ಎಷ್ಟೋ ಅಂಗಡಿಗಳಲ್ಲಿ ರಸೀದಿಗೇ ಚೌಕಟ್ಟು ಹಾಕಿಸಿ ತೂಗುಹಾಕಿರುತ್ತಾರೆ. ಸಹಿಯಾದ ಪರವಾನಗಿ ಬರುವವರೆಗೆ ಕೆಲಸ ಮುಗಿದಿಲ್ಲ.

ಪರವಾನಗಿ ಬಂದ ದಿನ ನಾಲ್ಕು ಜಾಗ ಓದಿ: ಹೆಸರು, ಮಳಿಗೆಯ ವಿಳಾಸ, ಉದ್ದಿಮೆಯ ಸ್ವರೂಪ, ಅವಧಿ. ಖಾನಾವಳಿ ಎಂಬಲ್ಲಿ ಬೇರೆ ವರ್ಗ ಬಿದ್ದಿದ್ದರೆ ಮುಂದಿನ ವರ್ಷ ಶುಲ್ಕವೇ ಬದಲಾಗುತ್ತದೆ. ತಪ್ಪಿದ್ದರೆ ಅದೇ ಇಮೇಲ್ ಸರಣಿಗೆ, ತಪ್ಪಾದ ಸಾಲು ಮತ್ತು ಸರಿಯಾದ ಸಾಲು ಎರಡನ್ನೂ ಬರೆದು, ಪರವಾನಗಿಯ ಪ್ರತಿ ಲಗತ್ತಿಸಿ ಆ ವಾರದಲ್ಲೇ ಕಳಿಸಿ.